ಸಣ್ಣ ಟೀಚರ್ ನಿವೃತ್ತರಾಗುತ್ತಿದ್ದಾರೆ: ರಕ್ಷಕರಿಗೆ ಶಾಲಾ ಆಡಳಿತದ ತಿಳಿವಳಿಕೆ

ದಿನಾಂಕ: 16-3-2026

ಪ್ರೀತಿಯ ರಕ್ಷಕರೇ,

ನಮ್ಮ ಒಂದನೇ ಕ್ಲಾಸಿನ ಸಣ್ಣ ಟೀಚರ್ ಇದೇ ಮಾರ್ಚ್ 31ಕ್ಕೆ ನಿವೃತ್ತರಾಗುತ್ತಿದ್ದಾರೆ. ಮಾರ್ಚ್ 28, ಶನಿವಾರ ಬೆಳಿಗ್ಗೆ 10 ಗಂಟೆಗೆ ಶಾಲೆಯ ಅಂಗಳದಲ್ಲಿ ಅವರಿಗೆ ಬೀಳ್ಕೊಡುಗೆ. ನೀವೆಲ್ಲ ಬರಬೇಕು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ.

ಹಾಜರಿ ಪುಸ್ತಕದಲ್ಲಿ ಟೀಚರಿಗೆ ಬೇರೆ ಹೆಸರಿದೆ. ಆ ಹೆಸರು ಬರೆದರೆ ನಿಮ್ಮಲ್ಲಿ ಅರ್ಧ ಮಂದಿಗೆ ಇದು ಯಾರಪ್ಪಾ ಅನ್ನಿಸೀತು. ಅದಕ್ಕೇ ಇಲ್ಲಿ ಬರೆಯಲಿಲ್ಲ. 1994ರ ಜೂನಿನಲ್ಲಿ ಅವರು ಕೆಲಸಕ್ಕೆ ಸೇರಿದಾಗ ಎರಡನೇ ಕ್ಲಾಸಿನಲ್ಲಿ ವಯಸ್ಸಾದ ಇನ್ನೊಬ್ಬ ಟೀಚರ್ ಇದ್ದರು. ಅವರು ದೊಡ್ಡ ಟೀಚರ್, ಇವರು ಸಣ್ಣ ಟೀಚರ್. ದೊಡ್ಡ ಟೀಚರ್ ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಈಗ ಸ್ಟಾಫ್ ರೂಮಿನಲ್ಲಿ ಇವರೇ ಎಲ್ಲರಿಗಿಂತ ಹಿರಿಯರು, ಹೆಡ್ಮಾಷ್ಟ್ರಿಗಿಂತಲೂ. ಆದರೂ ಅವರು ಸಣ್ಣ ಟೀಚರೇ.

ನಮ್ಮದು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಅನುದಾನಿತ ಶಾಲೆ. ಆದರೆ ಜೂನಿನಲ್ಲಿ ಒಂದನೇ ಕ್ಲಾಸಿಗೆ ಬರುವ ಮಕ್ಕಳಲ್ಲಿ ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವವರು ಎಷ್ಟು ಮಂದಿ ಅಂತ ನಿಮಗೇ ಗೊತ್ತು. ಒಂದು ಬೆಂಚಿನಲ್ಲಿ ತುಳು, ಪಕ್ಕದ್ದರಲ್ಲಿ ಮಲಯಾಳ, ಹಿಂದೆ ಮರಾಠಿ, ಕೊಂಕಣಿ, ಬ್ಯಾರಿ, ಹವ್ಯಕ. ಗಡಿ ದಾಟಿ ಪುತ್ತೂರಿನ ಕಡೆಯಿಂದ ಮದುವೆಯಾಗಿ ಬಂದ ಟೀಚರಿಗೆ ಕನ್ನಡ, ತುಳು ಬರುತ್ತಿತ್ತು. ಮಲಯಾಳ ಒಂದು ಅಕ್ಷರ ಗೊತ್ತಿರಲಿಲ್ಲ.

ಅವರು ಬಂದ ಮೊದಲ ವಾರದ ಕಥೆ ಇದು. ಹಳೆಯ ರಕ್ಷಕರು ಕೇಳಿರಬಹುದು, ಹೊಸಬರಿಗೋಸ್ಕರ ಹೇಳುತ್ತೇನೆ. ಒಬ್ಬ ಹುಡುಗ ಬೆಳಿಗ್ಗೆಯಿಂದ ‘ಬೆಳ್ಳಂ, ಬೆಳ್ಳಂ’ ಅಂತ ಅಳುತ್ತಿದ್ದ. ಟೀಚರ್ ಎದುರಿನ ಅಂಗಡಿಯಿಂದ ಒಂದು ತುಂಡು ಬೆಲ್ಲ ತರಿಸಿ ಬಾಯಿಗೆ ಹಾಕಿದರು. ಹುಡುಗ ಬೆಲ್ಲ ಚೀಪಿದ, ಆಮೇಲೆ ಇನ್ನೂ ಜೋರಾಗಿ ಅತ್ತ. ಇನ್ನೊಂದು ತುಂಡು ಕೊಟ್ಟರು. ಕೊನೆಗೆ ಗಂಜಿ ಬೇಯಿಸುವ ಅಜ್ಜಿ ಒಳಗಿನಿಂದ ಬಂದು, ‘ಟೀಚರೇ, ಅವನಿಗೆ ಬೇಕಾದ್ದು ನೀರು’ ಅಂದರು. ಪಾಪದ ಹುಡುಗ, ಬಾಯಾರಿದವನಿಗೆ ಎರಡು ತುಂಡು ಬೆಲ್ಲ!

ಆ ಸಂಜೆ ಟೀಚರ್ ಇನ್ನೂರು ಪುಟದ ಒಂದು ನೋಟುಬುಕ್ಕು ಕೊಂಡರು. ಮೊದಲ ಪುಟದ ಮೊದಲ ಸಾಲು ‘ಬೆಳ್ಳಂ: ನೀರು’. ಅದರ ಕೆಳಗೆ ಬೆಕ್ಕು: ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ, ಮರಾಠಿಯಲ್ಲಿ ಮಾಂಜರ. ಮತ್ತೆ ಮನೆ. ತುಳುವಿನವರು ‘ಇಲ್ಲ್’ ಅನ್ನುತ್ತಾರೆ, ಮಲಯಾಳದವರು ‘ವೀಡ್’ ಅನ್ನುತ್ತಾರೆ. ಪ್ರತಿ ಜೂನಿನಲ್ಲೂ ಹೊಸ ಮಕ್ಕಳ ಬಾಯಿಯಿಂದ ಬಂದ ಮಾತು ಅದಕ್ಕೆ ಸೇರುತ್ತಿತ್ತು. ಈಗ ಆರು ಪುಸ್ತಕಗಳಾಗಿವೆ. ಮೊದಲನೆಯದರ ರಟ್ಟು ಗೆದ್ದಲು ತಿಂದು ಹೋಗಿ, ಕ್ಯಾಲೆಂಡರಿನ ಹಾಳೆಯಲ್ಲಿ ಬೈಂಡು ಹಾಕಿದ್ದಾರೆ. ಮೊನ್ನೆ ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಕೆಲವು ಪುಟಗಳ ಅಂಚಿನಲ್ಲಿ ಮಕ್ಕಳ ಎಣ್ಣೆ ಬೆರಳಿನ ಗುರುತು ಹಾಗೇ ಇದೆ.

ಮಗು ‘ಪೂಚ’ ಅಂದರೆ ಟೀಚರ್ ತಪ್ಪು ಅನ್ನುತ್ತಿರಲಿಲ್ಲ. ‘ಹೌದು, ಪೂಚ. ಅದಕ್ಕೇ ಇನ್ನೊಂದು ಹೆಸರು ಬೆಕ್ಕು’ ಅನ್ನುತ್ತಿದ್ದರು. ಇಷ್ಟೇ ಅವರ ಉಪಾಯ. ಓಣಂ ರಜೆ ಮುಗಿಸಿ ಬರುವಷ್ಟರಲ್ಲಿ ಮಕ್ಕಳು ಕನ್ನಡದಲ್ಲೇ ಜಗಳಾಡುತ್ತಿದ್ದರು. ಮಕ್ಕಳು ಒಂದು ಭಾಷೆಯಲ್ಲಿ ಜಗಳಾಡಿದರೆ ಆ ಭಾಷೆ ಬಂತು ಅಂತ ಲೆಕ್ಕ, ಅಲ್ವಾ?

ಇನ್ನೊಂದು ವಿಷಯ ಹೇಳಲೇಬೇಕು. ಇದರಲ್ಲಿ ಆಡಳಿತದ ಮರ್ಯಾದೆ ಸ್ವಲ್ಪ ಹೋಗುತ್ತದೆ, ಹೋಗಲಿ. ಸೇರಿದ ಮೇಲೆ ಹುದ್ದೆಗೆ ಅಂಗೀಕಾರ ಸಿಗುವವರೆಗೆ 14 ತಿಂಗಳು ಟೀಚರಿಗೆ ಸಂಬಳ ಬಂದಿರಲಿಲ್ಲ. ಕಾಗದಪತ್ರ ಸರಿಯಾಗಿ ಕಳುಹಿಸದ್ದು ನಮ್ಮದೇ ತಪ್ಪು. ಆಗ ನನ್ನ ತಂದೆಯವರು ಮ್ಯಾನೇಜರ್, ಫೈಲು ನೋಡಿಕೊಳ್ಳುತ್ತಿದ್ದವ ನಾನು. ಟೀಚರ್ ಒಂದು ದಿನವೂ ಅದರ ಬಗ್ಗೆ ಎತ್ತಿ ಮಾತಾಡಲಿಲ್ಲ. ಬಸ್ಸಿನ ದುಡ್ಡು ಉಳಿಸಲಿಕ್ಕೆ ಗುಡ್ಡೆ ಹತ್ತಿ ಇಳಿದು ನಡೆದೇ ಬರುತ್ತಿದ್ದರು ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಆಮೇಲೆ ಇಂಗ್ಲಿಷ್ ಮೀಡಿಯಂ ಬಸ್ಸುಗಳು ಬೈಲಿನ ಒಳಗಿನ ರಸ್ತೆಗೂ ಬರತೊಡಗಿದವು. ನಿಮಗೆ ಗೊತ್ತಿರಬಹುದು, ನಮ್ಮಂಥ ಶಾಲೆಗಳಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನ ಮಕ್ಕಳ ತಲೆ ಲೆಕ್ಕ ಮಾಡುತ್ತಾರೆ. ಆ ಲೆಕ್ಕದ ಮೇಲೆ ಹುದ್ದೆ ನಿಲ್ಲುತ್ತದೆ, ಇಲ್ಲವೇ ಹೋಗುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಟೀಚರ್ ಕೊಡೆ ಹಿಡಿದು ಮನೆಮನೆಗೆ ಹೊರಟರು. ಅಡಿಕೆ ಒಣಗಿಸಿದ ಅಂಗಳಗಳನ್ನು ಸುತ್ತು ಹಾಕಿಕೊಂಡು, ನಾಯಿ ಬೊಗಳಿದರೆ ಗೇಟಿನಲ್ಲೇ ನಿಂತು ಕರೆದು, ಕೊಟ್ಟ ಮಜ್ಜಿಗೆ ಕುಡಿದು. ‘ನನ್ನ ಕೆಲಸ ಹೋಗುತ್ತದೆ, ಮಗುವನ್ನು ಕಳುಹಿಸಿ’ ಅಂತ ಒಂದು ಮನೆಯಲ್ಲೂ ಕೇಳಲಿಲ್ಲ. ‘ಒಂದು ವರ್ಷ ನನ್ನ ಹತ್ತಿರ ಬಿಡಿ, ಓದಲಿಕ್ಕೆ ಬಾರದಿದ್ದರೆ ಕರೆದುಕೊಂಡು ಹೋಗಿ’ ಅನ್ನುತ್ತಿದ್ದರು. ಹಾಗೆ ಕರೆದುಕೊಂಡು ಹೋದವರು ನನಗೆ ತಿಳಿದ ಮಟ್ಟಿಗೆ ಯಾರೂ ಇಲ್ಲ.

ಒಂದು ಸಲ ಆಡಳಿತ ಸಮಿತಿಯ ಮೀಟಿಂಗಿನಲ್ಲಿ ನಾವು ಕನ್ನಡ ಶಾಲೆ ಉಳಿಸುವ ಬಗ್ಗೆ ಗಂಟೆಗಟ್ಟಲೆ ಮಾತಾಡಿದೆವು. ಟೀಚರ್ ಸುಮ್ಮನೆ ಕೇಳುತ್ತಾ ಕೂತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, ‘ಭಾವ, ನಿಮ್ಮ ಮೊಮ್ಮಗ ಯಾವ ಶಾಲೆಗೆ?’ ಅಂತ ಕೇಳಿದರು. ಅವರ ಗಂಡ ನನಗೆ ದೂರದ ಸಂಬಂಧ, ಹಾಗಾಗಿ ಭಾವ. ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ಜೂನಿನಲ್ಲಿ ಮೊಮ್ಮಗ ಅವರ ಕ್ಲಾಸಿನ ಎರಡನೇ ಬೆಂಚಿನಲ್ಲಿ ಕೂತಿದ್ದ. ಈಗ ಆರನೇ ಕ್ಲಾಸು. ಯಕ್ಷಗಾನದಲ್ಲಿ ಬಾಲಗೋಪಾಲನ ವೇಷ ಹಾಕಿದ. ಅಜ್ಜನಾಗಿ ಇಷ್ಟು ಹೇಳಿಕೊಂಡದ್ದಕ್ಕೆ ಕ್ಷಮೆ ಇರಲಿ.

ಈಗ ನೀವು ಎಲ್ಲರೂ ಕೇಳುತ್ತಿರುವ ಪ್ರಶ್ನೆಗೆ ಬರುತ್ತೇನೆ. ಮುಂದೆ ಒಂದನೇ ಕ್ಲಾಸಿಗೆ ಯಾರು? ಅನುದಾನಿತ ಶಾಲೆಯಲ್ಲಿ ಅಧ್ಯಾಪಕರನ್ನು ನೇಮಿಸುವುದು ಆಡಳಿತ, ಅದಕ್ಕೆ ಅಂಗೀಕಾರ ಕೊಡುವುದು ಶಿಕ್ಷಣ ಇಲಾಖೆ. ಕನ್ನಡ ಮಕ್ಕಳ ಎದುರು ಕನ್ನಡ ಗೊತ್ತಿಲ್ಲದವರು ಬಂದು ನಿಲ್ಲುವ ಸಂಕಟ ನಮ್ಮ ಜಿಲ್ಲೆಗೆ ಹೊಸತಲ್ಲ. ನಿಮ್ಮ ಹೆದರಿಕೆ ನಮಗೆ ಅರ್ಥವಾಗುತ್ತದೆ. ಕನ್ನಡದಲ್ಲೇ ಓದಿದ, ಬೇಕಾದ ಅರ್ಹತಾ ಪರೀಕ್ಷೆ ಪಾಸಾದ, ತುಳುವೋ ಮಲಯಾಳವೋ ಮಾತಾಡಲು ಬರುವವರನ್ನೇ ತೆಗೆದುಕೊಳ್ಳುತ್ತೇವೆ. ಜೂನಿನ ಪ್ರವೇಶೋತ್ಸವದ ದಿನ ಕ್ಲಾಸಿನಲ್ಲಿ ಟೀಚರ್ ಇರುತ್ತಾರೆ. ಅಂಗೀಕಾರ ತಡವಾದರೆ ಅಷ್ಟು ತಿಂಗಳ ಸಂಬಳ ಆಡಳಿತವೇ ಕೊಡುತ್ತದೆ. ಇದನ್ನು ಸಮಿತಿಯಲ್ಲಿ ಬರೆದು ಸಹಿ ಹಾಕಿದ್ದೇವೆ. 14 ತಿಂಗಳ ಕಥೆ ಇನ್ನೊಮ್ಮೆ ಆಗುವುದಿಲ್ಲ.

ಆರು ನೋಟುಬುಕ್ಕುಗಳನ್ನೂ ಟೀಚರ್ ಕ್ಲಾಸಿನ ಕಪಾಟಿನಲ್ಲೇ ಬಿಟ್ಟು ಹೋಗುತ್ತಿದ್ದಾರೆ. ಹೊಸಬರಿಗೆ ಆರನೆಯದರಲ್ಲಿ ಇನ್ನೂ 70 ಪುಟ ಖಾಲಿ ಇದೆಯಂತೆ.

ಉಡುಗೊರೆ ವಿಷಯ. ಚಿನ್ನದ ಉಂಗುರಕ್ಕೆ ಅಂತ ಕೆಲವರು ವಾಟ್ಸಾಪ್ ಗ್ರೂಪಿನಲ್ಲಿ ದುಡ್ಡು ಎತ್ತುತ್ತಿರುವುದು ನಮ್ಮ ಕಿವಿಗೆ ಬಿದ್ದಿದೆ. ನಿಮ್ಮ ಪ್ರೀತಿ ದೊಡ್ಡದು, ಆದರೆ ದಯವಿಟ್ಟು ಇವತ್ತೇ ನಿಲ್ಲಿಸಿ, ಕೊಟ್ಟವರಿಗೆ ಹಿಂದೆ ಕೊಡಿ. ಟೀಚರಿಗೆ ಸುದ್ದಿ ಗೊತ್ತಾಗಿ, ‘ಉಂಗುರ ತಂದರೆ ನಾನು ಆ ದಿನ ರಜೆ ಹಾಕುತ್ತೇನೆ’ ಅಂದಿದ್ದಾರೆ. ಹಾಕಿಯೇ ಹಾಕುತ್ತಾರೆ, ನನಗೆ ಅವರ ಹಟ ಗೊತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಒಂದು ಮಾತ್ರ, ಅದು ಶಾಲೆಯ ಲೆಕ್ಕದಲ್ಲಿ.

ಅವರು ಕೇಳಿದ್ದು ಒಂದೇ. ಆ ದಿನ ಹಾಜರಿ ಕರೆಯಬೇಕಂತೆ. 1994ರಿಂದ ಇಲ್ಲಿವರೆಗಿನ ಒಂದನೇ ಕ್ಲಾಸಿನ ಹಾಜರಿ ಪುಸ್ತಕಗಳನ್ನು ಆಫೀಸಿನ ಅಟ್ಟದಿಂದ ಇಳಿಸಿ ಧೂಳು ಹೊಡೆದು ಇಟ್ಟಿದ್ದೇವೆ. ಎರಡು ವರ್ಷದ್ದು ಮಳೆ ನೀರು ಬಿದ್ದು ಹಾಳಾಗಿತ್ತು. ಅದನ್ನು ಪ್ರವೇಶ ದಾಖಲೆ ನೋಡಿ ಹೆಡ್ಮಾಷ್ಟ್ರು ಮತ್ತೆ ಬರೆದಿದ್ದಾರೆ. ಭಾಷಣ ಮೂರೇ ಮೂರು, ಒಂದೊಂದು ಐದು ನಿಮಿಷ. ಅದು ಮುಗಿದ ಮೇಲೆ ಟೀಚರ್ ಹೆಸರು ಕರೆಯುತ್ತಾರೆ. ನಿಮ್ಮಲ್ಲೇ ಎಷ್ಟೋ ಮಂದಿ ಅವರ ಹತ್ತಿರ ಕಲಿತವರು. ಬರಲಾಗದ ಅಕ್ಕ, ತಮ್ಮ, ದುಬೈಯಲ್ಲಿರುವ ಅಣ್ಣ ಇದ್ದರೆ ಅವರ ಪರವಾಗಿ ಮನೆಯವರು ಎದ್ದು ನಿಂತರೆ ಸಾಕು. ಹೆಸರು ಕರೆಯುವಾಗ ಮಾತಾಡಬೇಡಿ, ಅವರು ಎಬ್ಬಿಸಿ ನಿಲ್ಲಿಸುತ್ತಾರೆ.

ಮಧ್ಯಾಹ್ನ ಊಟ ಇದೆ. ಅನ್ನ, ಸಾಂಬಾರು, ಪಲ್ಯ, ಪಾಯಸ. ಪಾಯಸಕ್ಕೆ ಬೇಕಾದ ಅಷ್ಟೂ ಬೆಲ್ಲ ತಾನೇ ಕೊಡುತ್ತೇನೆ ಅಂತ ಒಬ್ಬ ಹಳೆ ವಿದ್ಯಾರ್ಥಿ ಹಟ ಹಿಡಿದು ಒಪ್ಪಿಸಿದ್ದಾನೆ. ಯಾರು ಅಂತ ನಿಮಗೆ ಗೊತ್ತಾಗಿರಬೇಕು. ಬಾವಿಯಲ್ಲಿ ನೀರು ಕಡಿಮೆಯಾಗಿದೆ, ಕುಡಿಯುವ ನೀರಿನ ಬಾಟಲಿ ಮನೆಯಿಂದಲೇ ತನ್ನಿ. ಎಷ್ಟು ಮಂದಿ ಬರುತ್ತೀರಿ ಎಂಬುದನ್ನು 24ರ ಒಳಗೆ ಮಕ್ಕಳ ಡೈರಿಯಲ್ಲಿ ಬರೆದು ಕಳುಹಿಸಿ. ಬೈಕು, ಕಾರುಗಳನ್ನು ಭಜನಾ ಮಂದಿರದ ಗದ್ದೆಯಲ್ಲಿ ನಿಲ್ಲಿಸಬಹುದು. ಶಾಲೆಯ ಗೇಟಿನ ಎದುರು ಬೇಡ, ಬಸ್ಸು ತಿರುಗಬೇಕು.

ಇನ್ನೊಂದು ಸಣ್ಣ ವಿನಂತಿ. ಟೀಚರಿನ ಮನೆ ಹತ್ತಿರವೇ ಇದೆ ಅಂತ ಏಪ್ರಿಲ್ 1ರಿಂದಲೇ ಮಕ್ಕಳನ್ನು ಅಲ್ಲಿಗೆ ಕಳುಹಿಸಲು ಶುರು ಮಾಡಬೇಡಿ. ಕಳುಹಿಸಿದರೆ ಅವರು ಬೇಡ ಅನ್ನುವುದಿಲ್ಲ, ಅದೇ ಕಷ್ಟ. ಒಂದು ಮಳೆಗಾಲವಾದರೂ ಅವರು ಮನೆಯಲ್ಲಿ ಆರಾಮವಾಗಿ ಕೂರಲಿ.

ಇತಿ,
ಶಾಲಾ ಮ್ಯಾನೇಜರ್ ಮತ್ತು ಆಡಳಿತ ಸಮಿತಿಯ ಸದಸ್ಯರು
ಜೊತೆಗೆ ಮುಖ್ಯೋಪಾಧ್ಯಾಯರು, ಅಧ್ಯಾಪಕ ವೃಂದ ಮತ್ತು ರಕ್ಷಕ-ಶಿಕ್ಷಕ ಸಂಘ

ವಿ.ಸೂ.: ಈ ನೋಟಿಸನ್ನು ಟೀಚರಿಗೆ ಮೊದಲೇ ತೋರಿಸಿಲ್ಲ. ತೋರಿಸಿದ್ದರೆ ಕೆಂಪು ಪೆನ್ನಿನಲ್ಲಿ ಅರ್ಧ ಹೊಡೆದು ಹಾಕುತ್ತಿದ್ದರು. ಕಾಗುಣಿತ ತಪ್ಪು ಕಂಡರೆ ದಯವಿಟ್ಟು 28ರ ವರೆಗೆ ಅವರಿಗೆ ಹೇಳಬೇಡಿ.