ತಡವಾಗಿ ತಿಳಿಸಿದಿರೆಂದು ಕಾರಿನ ಕ್ಲೇಮ್ ತಿರಸ್ಕರಿಸಿದ ನಿಮ್ಮ ಪತ್ರಕ್ಕೆ ಉತ್ತರ

ತೀರ್ಥಹಳ್ಳಿ
8 ಸೆಪ್ಟೆಂಬರ್ 2025

ಇವರಿಗೆ,
ವ್ಯವಸ್ಥಾಪಕರು, ಮೋಟಾರ್ ಕ್ಲೇಮ್ ವಿಭಾಗ,
ಶಿವಮೊಗ್ಗ ಶಾಖೆ

ಪ್ರತಿ: ಕುಂದುಕೊರತೆ ಅಧಿಕಾರಿ, ಪ್ರಾದೇಶಿಕ ಕಚೇರಿ, ಬೆಂಗಳೂರು

ವಿಷಯ: ಕ್ಲೇಮ್ ಸಂಖ್ಯೆ ಎಂಓಡಿ/25/11843, 2021ರ ಸ್ವಿಫ್ಟ್ ಕಾರಿನ ಸ್ವಂತ ಹಾನಿ ಕ್ಲೇಮ್. ನಿಮ್ಮ 26 ಆಗಸ್ಟ್ 2025ರ ತಿರಸ್ಕಾರ ಪತ್ರ.

ಮಾನ್ಯರೇ,

ನಿಮ್ಮ ಪತ್ರ ಸೆಪ್ಟೆಂಬರ್ 1ರಂದು ಕೈಸೇರಿತು. ಅದರಲ್ಲಿ ಕಾರಣ ಒಂದೇ ಇದೆ. ಅಪಘಾತ ಜುಲೈ 18ರಂದು ಆಯಿತು, ನಾನು ಕಂಪನಿಗೆ ತಿಳಿಸಿದ್ದು ಜುಲೈ 28ರಂದು, ಹಾಗಾಗಿ ಪಾಲಿಸಿಯ 1ನೇ ಷರತ್ತು ಮುರಿದಿದ್ದೇನೆ ಎಂದು. ಅಪಘಾತ ನಡೆದೇ ಇಲ್ಲ ಎಂದು ನೀವು ಹೇಳಿಲ್ಲ. ಲೈಸೆನ್ಸ್, ಆರ್‌ಸಿ, ಪಾಲಿಸಿಯ ಅವಧಿ ಯಾವುದರ ಬಗ್ಗೆಯೂ ತಕರಾರು ಎತ್ತಿಲ್ಲ. ಹಾಗಾಗಿ ನಾನೂ ಆ ಹತ್ತು ದಿನಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ತಡ ಆಗಿದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ.

ಜುಲೈ 18, ಶುಕ್ರವಾರ ರಾತ್ರಿ ಸುಮಾರು ಎಂಟೂವರೆಗೆ ಉಡುಪಿಯಿಂದ ಮನೆಗೆ ವಾಪಸ್ ಬರುತ್ತಿದ್ದೆವು. ಆಗುಂಬೆ ಘಾಟಿ ಹತ್ತಿ ಗುಡ್ಡೇಕೇರಿ ಹತ್ತಿರ ಬಂದಾಗ ರಸ್ತೆಗೆ ಅಡ್ಡಲಾಗಿ ಕೊಂಬೆ ಬಿದ್ದಿತ್ತು. ಆಗುಂಬೆಯ ಜುಲೈ ಮಳೆ ಹೇಗಿರುತ್ತದೆ ಎಂದು ಶಿವಮೊಗ್ಗದಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಬ್ರೇಕ್ ಹಾಕಿದೆ, ಕಾರು ಜಾರಿತು, ಎಡಗಡೆ ಚರಂಡಿಗೆ ಇಳಿದು ಮರಕ್ಕೆ ಗುದ್ದಿತು. ಪಕ್ಕದಲ್ಲಿ ಕೂತಿದ್ದ ನನ್ನ ತಂದೆಗೆ (ವಯಸ್ಸು 71) ಸೊಂಟದ ಮೂಳೆ ಮುರಿಯಿತು. ನನ್ನ ಬಲಗೈ ಮಣಿಕಟ್ಟಿಗೂ ಪೆಟ್ಟಾಯಿತು. ಅದೇ ರಾತ್ರಿ ಆಂಬುಲೆನ್ಸ್‌ನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಜುಲೈ 21ರಂದು ತಂದೆಗೆ ಆಪರೇಷನ್ ಆಯಿತು, 26ರಂದು ಡಿಸ್ಚಾರ್ಜ್. 27 ಭಾನುವಾರ. 28ರ ಬೆಳಿಗ್ಗೆ ನಿಮ್ಮ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಕ್ಲೇಮ್ ಸಂಖ್ಯೆ ಪಡೆದೆ.

ಇನ್ನೊಂದು ವಿಷಯ. ಜುಲೈ 20ರಂದು ನನ್ನ ಹೆಂಡತಿ ನಿಮ್ಮ ಏಜೆಂಟರಿಗೆ ವಾಟ್ಸಾಪ್‌ನಲ್ಲಿ ಕಾರಿನ ಫೋಟೋ ಕಳಿಸಿ ವಿಷಯ ತಿಳಿಸಿದ್ದಾಳೆ. "ಮೊದಲು ಅಪ್ಪನ್ನ ನೋಡ್ಕೊಳ್ಳಿ, ಕ್ಲೇಮ್ ಆಮೇಲೆ ಮಾಡೋಣ" ಎಂದು ಅವರು ಉತ್ತರ ಬರೆದಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅವರ ಮೇಲೆ ನನ್ನ ದೂರಿಲ್ಲ. ಏಜೆಂಟರಿಗೆ ಹೇಳಿದರೆ ಕಂಪನಿಗೆ ಬರೆದು ತಿಳಿಸಿದಂತೆ ಆಗುವುದಿಲ್ಲ ಎಂದು ನೀವು ಹೇಳಬಹುದು. ನನ್ನ ವಾದ ಅದೊಂದರ ಮೇಲೆ ನಿಂತಿಲ್ಲ. ಆದರೆ ವಿಷಯ ಮುಚ್ಚಿಡುವ ಉದ್ದೇಶ ಇದ್ದವರು ಎರಡನೇ ದಿನವೇ ಏಜೆಂಟರಿಗೆ ಫೋಟೋ ಕಳಿಸುತ್ತಾರಾ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೂಡಲೇ ತಿಳಿಸಬೇಕು ಎಂಬ ಷರತ್ತು ಯಾಕಿದೆ? ಗಾಡಿ ರಿಪೇರಿ ಆಗುವ ಮೊದಲು, ಸಾಕ್ಷ್ಯ ಅಳಿಯುವ ಮೊದಲು ಕಂಪನಿಯವರು ಬಂದು ನೋಡಲಿ ಎಂದು, ಅಲ್ವಾ? ಹಾಗಾದರೆ ಈ ಹತ್ತು ದಿನದಲ್ಲಿ ನಿಮಗೆ ಏನು ನೋಡಲು ಸಿಗದೇ ಹೋಯಿತು?

ಅಪಘಾತದ ರಾತ್ರಿಯೇ ನನ್ನ ಚಿಕ್ಕಪ್ಪನ ಮಗ ಆಗುಂಬೆ ಪೊಲೀಸ್ ಠಾಣೆಗೆ ಹೋಗಿ ಬರೆದುಕೊಟ್ಟಿದ್ದಾನೆ. ಬೇರೆ ಗಾಡಿ ಇದರಲ್ಲಿ ಇರಲಿಲ್ಲವಾದ್ದರಿಂದ ಠಾಣಾ ದಿನಚರಿಯಲ್ಲಿ ನಮೂದು ಮಾಡಿ ಹಿಂಬರಹ ಕೊಟ್ಟಿದ್ದಾರೆ. ಮಾರನೇ ದಿನ, ಜುಲೈ 19ರಂದು, ಕಾರನ್ನು ಟೋ ಮಾಡಿಸಿ ಶಿವಮೊಗ್ಗದ ಅಧಿಕೃತ ವರ್ಕ್‌ಶಾಪ್‌ಗೆ ಬಿಡಲಾಗಿದೆ. ಟೋಯಿಂಗ್ ರಸೀದಿ, ವರ್ಕ್‌ಶಾಪಿನ ಜಾಬ್ ಕಾರ್ಡ್ ಎರಡರಲ್ಲೂ ಅದೇ ತಾರೀಕಿದೆ. ಅಂದಿನಿಂದ ಒಂದು ಬೋಲ್ಟ್ ಕೂಡ ಬಿಚ್ಚಿಲ್ಲ. ಜುಲೈ 30ರಂದು ನಿಮ್ಮ ಸರ್ವೇಯರ್ ಬಂದಾಗ ಬಂಪರ್‌ಗೆ ಅಂಟಿದ್ದ ಮರದ ತೊಗಟೆ ಹಾಗೇ ಇತ್ತು. ಅವರೇ ಅದರ ಫೋಟೋ ತೆಗೆದುಕೊಂಡರು. ರೇಡಿಯೇಟರ್, ಬಾನೆಟ್, ಎಡಗಡೆ ಸಸ್ಪೆನ್ಷನ್ ಎಲ್ಲ ನೋಡಿ ಬರೆದುಕೊಂಡರು. ಹಾನಿಗೂ ನಾನು ಹೇಳಿದ ಘಟನೆಗೂ ತಾಳೆ ಆಗುವುದಿಲ್ಲ ಎಂದು ಅವರು ಅಂದೂ ಹೇಳಲಿಲ್ಲ, ನಿಮ್ಮ ಪತ್ರದಲ್ಲೂ ಆ ಮಾತಿಲ್ಲ. ಜುಲೈ 19ಕ್ಕೇ ಬಂದಿದ್ದರೂ ಅವರು ಇದೇ ಕಾರನ್ನು, ಇದೇ ಸ್ಥಿತಿಯಲ್ಲಿ ನೋಡುತ್ತಿದ್ದರು.

ಇದು ನನ್ನೊಬ್ಬನ ತರ್ಕವೇನೂ ಅಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 20 ಸೆಪ್ಟೆಂಬರ್ 2011ರ ಸುತ್ತೋಲೆಯಲ್ಲಿ ಎಲ್ಲ ವಿಮಾ ಕಂಪನಿಗಳಿಗೂ ಇದನ್ನೇ ಹೇಳಿದೆ. ತಡಕ್ಕೆ ಕಾರಣ ಏನೆಂದು ವಿಚಾರಿಸಿ ದಾಖಲಿಸಬೇಕು. ಸಮಯಕ್ಕೆ ಸರಿಯಾಗಿ ತಿಳಿಸಿದ್ದರೂ ಈ ಕ್ಲೇಮ್ ತಿರಸ್ಕಾರವಾಗುತ್ತಿತ್ತು ಎಂದು ಕಂಪನಿಗೆ ಖಾತ್ರಿಯಾಗಬೇಕು. ಅಲ್ಲಿಯವರೆಗೆ ತಡದ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ನನ್ನ ವಿಷಯದಲ್ಲಿ ಯಾರೂ ಕಾರಣ ಕೇಳಲೇ ಇಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ನಾನೇ ಆಗಸ್ಟ್ 4ರಂದು ಇಮೇಲ್ ಮಾಡಿದ್ದೆ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಸುಪ್ರೀಂ ಕೋರ್ಟ್ ಕೂಡ 4 ಅಕ್ಟೋಬರ್ 2017ರಂದು ಓಂ ಪ್ರಕಾಶ್ ಪ್ರಕರಣದಲ್ಲಿ, ತಡಕ್ಕೆ ಸರಿಯಾದ ಕಾರಣ ಕೊಟ್ಟಿರುವಾಗ ಪ್ರಾಮಾಣಿಕ ಕ್ಲೇಮನ್ನು ತಡ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎಂದಿದೆ. 24 ಜನವರಿ 2020ರಂದು ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಪೊಲೀಸರಿಗೆ ಕೂಡಲೇ ತಿಳಿಸಿದ್ದರೆ ಕಂಪನಿಗೆ ತಡವಾಗಿ ತಿಳಿಸಿದ್ದು ಕ್ಲೇಮ್ ನಿರಾಕರಿಸಲು ಕಾರಣವಾಗದು ಎಂದಿತು. ಅವೆರಡೂ ವಾಹನ ಕಳವಿನ ಪ್ರಕರಣಗಳು, ನನ್ನದು ಅಪಘಾತ, ಗೊತ್ತು. ಆದರೆ ಕಳವಾದ ಗಾಡಿ ದಿನ ಕಳೆದಂತೆ ಕೈಗೆ ಸಿಗದಷ್ಟು ದೂರ ಹೋಗುತ್ತದೆ. ಅಲ್ಲಿಯೇ ತಡವನ್ನು ಕ್ಷಮಿಸುವುದಾದರೆ, ವರ್ಕ್‌ಶಾಪಿನಲ್ಲಿ ಮುಟ್ಟದೆ ನಿಲ್ಲಿಸಿದ್ದ ಕಾರಿಗೆ ಯಾಕಿಲ್ಲ?

ಸುಮ್ನೆ ಕ್ಲೇಮ್ ಹಾಕುವವನು ನಾನಲ್ಲ. ಕಾರು ಕೊಂಡ 2021ರಿಂದ ಒಂದು ಸಲವೂ ಕೇಳಿಲ್ಲ. ಈ ವರ್ಷದ ಪಾಲಿಸಿಯಲ್ಲಿ ನನಗೆ 45% ನೋ ಕ್ಲೇಮ್ ಬೋನಸ್ ಇದೆ. ಈ ಕ್ಲೇಮ್ ಪಾವತಿಯಾದರೆ ಮುಂದಿನ ನವೀಕರಣದಲ್ಲಿ ಅದು ಹೋಗುತ್ತದೆ ಎಂದು ತಿಳಿದೇ ಕೇಳಿದ್ದೇನೆ.

ನಾನು ಕೇಳುವುದು ಇಷ್ಟು. ತಿರಸ್ಕಾರವನ್ನು ಹಿಂಪಡೆದು, ₹1,86,400 ಅಂದಾಜಿನ ಈ ಕ್ಲೇಮನ್ನು ಸರ್ವೇಯರ್ ವರದಿಯ ಪ್ರಕಾರ ಇತ್ಯರ್ಥ ಮಾಡಿ. ಆ ವರದಿಯ ಪ್ರತಿಯನ್ನು ನನಗೂ ಕೊಡಿ. ತಿರಸ್ಕಾರವೇ ಸರಿ ಎಂದಾದರೆ, ಹತ್ತು ದಿನದ ತಡದಿಂದ ಕಂಪನಿಗೆ ಆದ ತೊಂದರೆ ಏನೆಂದು ಬರೆದು ತಿಳಿಸಿ. "ಷರತ್ತಿನ ಉಲ್ಲಂಘನೆ" ಎಂಬ ಅದೇ ಎರಡು ಪದ ಮತ್ತೆ ಬೇಡ.

ಸೆಪ್ಟೆಂಬರ್ 23ರವರೆಗೆ ಉತ್ತರಕ್ಕೆ ಕಾಯುತ್ತೇನೆ. ಆಮೇಲೆ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸುತ್ತೇನೆ. ಈ ಪತ್ರ ಕೊಟ್ಟು ಒಂದು ತಿಂಗಳಾದರೂ ಇತ್ಯರ್ಥವಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರ ಬಳಿ ಹೋಗುತ್ತೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯನ್ನೂ ನಾನು ಬಿಟ್ಟುಕೊಟ್ಟಿಲ್ಲ.

ಅಲ್ಲಿಯವರೆಗೆ ಕಾರು ವರ್ಕ್‌ಶಾಪಿನಲ್ಲೇ, ಅದೇ ಸ್ಥಿತಿಯಲ್ಲಿ ಇರುತ್ತದೆ. ಮತ್ತೊಮ್ಮೆ ನೋಡಬೇಕು ಎನಿಸಿದರೆ ಯಾವ ದಿನವಾದರೂ ಬಂದು ನೋಡಬಹುದು.

ಇಂತಿ ನಿಮ್ಮ ವಿಶ್ವಾಸಿ,
ಹರೀಶ್ ಎಚ್. ಎಸ್.
(ಪಾಲಿಸಿದಾರ)

ಲಗತ್ತು: ತಿರಸ್ಕಾರ ಪತ್ರ, ಆಗುಂಬೆ ಠಾಣೆಯ ಹಿಂಬರಹ, ಟೋಯಿಂಗ್ ರಸೀದಿ, ಜಾಬ್ ಕಾರ್ಡ್ ಮತ್ತು ಅಂದಾಜು ಪಟ್ಟಿ, ತಂದೆಯ ಡಿಸ್ಚಾರ್ಜ್ ಸಮ್ಮರಿ, ನನ್ನ ಕೈಯ ಚಿಕಿತ್ಸೆಯ ಚೀಟಿ, ಜುಲೈ 20ರ ವಾಟ್ಸಾಪ್ ಸಂದೇಶದ ಪ್ರತಿ, ಆಗಸ್ಟ್ 4ರ ಇಮೇಲ್‌ನ ಪ್ರತಿ.