ಬೆಳಗಿನ ಗಾಡಿ ಬಳಗಕ್ಕೆ ಈ ವಾರದ ಮಾತುಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಮೈಸೂರು-ಬೆಂಗಳೂರು ರೈಲಿನ ಗುಂಪಿನಲ್ಲಿ ಬರೀ ‘ಗಾಡಿ ಎಲ್ಲಿದೆ’, ‘ಒಂದು ಸೀಟು ಹಿಡೀರಿ’ ಅನ್ನೋದೇ ಜಾಸ್ತಿ ಆಗಿದೆ. ಅದಕ್ಕೇ ಒಂದಷ್ಟು ಮಾತು ಬರೆದು ಹಾಕುತ್ತಿದ್ದೇನೆ. ಬೆಳಿಗ್ಗೆ ಶ್ರೀರಂಗಪಟ್ಟಣ ದಾಟಿದ ಮೇಲೆ ಒಂದೊಂದು ಓದಿ.

ಮೊದಲು ಸೀಟಿನದು.

ಮೈಸೂರಲ್ಲಿ ಹತ್ತಿದವನಿಗೆ ಕಿಟಕಿ, ಮಂಡ್ಯದವನಿಗೆ ಕಂಬಿ, ಮದ್ದೂರಿನವನಿಗೆ ಬಾಗಿಲು, ರಾಮನಗರದವನಿಗೆ ದೇವರೇ ಗತಿ.

ಮೂರು ಜನರ ಸೀಟಲ್ಲಿ ನಾಲ್ಕನೆಯವರು ಕೂತ ಮೇಲೆ ಎಲ್ಲರೂ ನೆಂಟರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಸೀಟಿನ ಜಗಳ ಮದ್ದೂರು ವಡೆ ಬರುವ ತನಕ.

ಈ ಕೊನೇದು ನನಗೆ ತುಂಬಾ ಇಷ್ಟ, ಯಾಕೆಂದರೆ ನಿಜ. ಪೇಪರಿನಲ್ಲಿ ಎಣ್ಣೆ ಇಳಿದಿರುತ್ತೆ, ಅಂಚಿನಲ್ಲಿ ಈರುಳ್ಳಿ ಕೆಂಪಗೆ ಗರಿಗರಿ ಆಗಿರುತ್ತೆ, ಈಗಷ್ಟೇ ‘ಕಾಲು ತೆಗೀರಿ’ ಅಂತ ರೇಗಿದವರೇ ಒಂದು ತುಂಡು ಮುರಿದು ‘ತಗೊಳ್ಳಿ ಸಾರ್’ ಅಂತ ಕೊಡುತ್ತಾರೆ.

ಇನ್ನು ಬೆಂಗಳೂರಿನ ಟ್ರಾಫಿಕ್ಕು. 2023ರಲ್ಲಿ ಹತ್ತು ಪಥದ ರಸ್ತೆ ಉದ್ಘಾಟನೆ ಆಯಿತು, ಮೈಸೂರಿಂದ ಕೆಂಗೇರಿವರೆಗೆ ಕಾರು, ಬಸ್ಸು ಬೇಗ ಬರುತ್ತವೆ, ಸರಿ. ಆಮೇಲೆ?

ಹೆದ್ದಾರಿಯಲ್ಲಿ ಉಳಿಸಿದ ಗಂಟೆಯನ್ನ ನಾಯಂಡಹಳ್ಳಿಯಲ್ಲಿ ಬಡ್ಡಿ ಸಮೇತ ಕಟ್ಟು.

ಅತ್ತ ಹೆಬ್ಬಾಳ, ಇತ್ತ ಸಿಲ್ಕ್ ಬೋರ್ಡು, ನಡುವೆ ನಮ್ಮ ಬಯೋಮೆಟ್ರಿಕ್ಕು.

ಊರು ಬಂತು ಅಂತ ಬ್ಯಾಗು ಇಳಿಸಿದರೆ ಗಾಡಿ ಔಟರಲ್ಲಿ ನಿಲ್ಲುತ್ತೆ. (ಅದಕ್ಕೇ ಹೇಳೋದು, ವೈಟ್‌ಫೀಲ್ಡ್ ಕಡೆಗೆ ಹೋಗುವವರು ನಮ್ಮ ಗಾಡಿ ಕೆಂಗೇರಿಯಲ್ಲಿ ನಿಂತರೆ ಅಲ್ಲೇ ಇಳಿದು ನೇರಳೆ ಮೆಟ್ರೋ ಹಿಡಿಯಿರಿ. ಮಧ್ಯೆ ಬದಲಾಯಿಸೋ ತಾಪತ್ರಯ ಇಲ್ಲ.)

ನಮ್ಮ ಊರಿಗೂ ಒಂದು ಇರಲಿ: ಮೈಸೂರಲ್ಲಿ ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ, ದಸರಾ ಬಿಟ್ಟು.

ಮುಂದಿನದನ್ನ ನಗಿಸೋಕೆ ಬರೆದಿಲ್ಲ.

ಮಗು ಏಳೋ ಮುಂಚೆ ಹೊರಟು, ಮಲಗಿದ ಮೇಲೆ ಬರುವ ಅಪ್ಪ ಭಾನುವಾರದ ನೆಂಟ.

ಅಮ್ಮಂದಿರ ಪಾಡು ಇದಕ್ಕಿಂತ ಕಷ್ಟ. ನಾಲ್ಕೂವರೆಗೆ ಎದ್ದು ಎಲ್ಲರ ಡಬ್ಬಿ ಕಟ್ಟಿ, ತಮ್ಮ ತಲೆ ಬಾಚೋದು ಪಾಂಡವಪುರ ಬಂದ ಮೇಲೆ. ಅವರು ಕಣ್ಣು ಮುಚ್ಚಿ ಕೂತಿದ್ದಾಗ ಫೋನಿನಲ್ಲಿ ಜೋರಾಗಿ ರೀಲ್ಸ್ ಹಾಕಬೇಡಿ, ಸುಮ್ನೆ ಇಯರ್‌ಫೋನ್ ಹಾಕಿಕೊಳ್ಳಿ.

ಸಂಜೆ ಗಾಡಿಯವರಿಗೆ ಇದು.

ಮಂಡ್ಯ ದಾಟಿ ಎಚ್ಚರ ಆದವನಿಗೆ ಪಾಂಡವಪುರವೇ ಪುಣ್ಯಕ್ಷೇತ್ರ.

ಆದರೆ ರಾತ್ರಿ ಅಲ್ಲಿಂದ ವಾಪಸ್ ಹೋಗೋದು ಸುಲಭ ಅಲ್ಲ, ಅಲ್ವಾ? ಮಂಡ್ಯದವರು ಎದುರು ಸೀಟಲ್ಲಿ ನಿದ್ದೆ ಹೋಗಿದ್ದರೆ ಗುರುತಿಲ್ಲದಿದ್ದರೂ ಪರವಾಗಿಲ್ಲ, ಹನಕೆರೆ ದಾಟುತ್ತಿದ್ದ ಹಾಗೇ ಭುಜ ತಟ್ಟಿ ಎಬ್ಬಿಸಿ.