ಕೀಮೋ ಡೇ ಕೇರ್ ವಾರ್ಡಿನ ಟಿವಿಗೆ ಸುತ್ತುತ್ತಲೇ ಇರುವ ಜಲಪಾತ: ವಿಡಿಯೊ ಪ್ರಾಂಪ್ಟ್

ಮಲೆನಾಡಿನ ದಟ್ಟ ಹಸಿರು ಕಾಡಿನೊಳಗಿನ ಒಂದು ಸಣ್ಣ ಜಲಪಾತದ 20 ಸೆಕೆಂಡಿನ ವಿಡಿಯೊ ಬೇಕು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ನೋಡುವವರಿಗೆ ಗೊತ್ತಾಗದಂತೆ ಅದು ಸುತ್ತುತ್ತಲೇ ಇರಬೇಕು.

ಇದು ಓಡುವುದು ಶಿವಮೊಗ್ಗದ ಒಂದು ಆಸ್ಪತ್ರೆಯ ಕೀಮೋ ಡೇ ಕೇರ್ ವಾರ್ಡಿನ ಗೋಡೆಯ ಮೇಲಿರುವ ಟಿವಿಯಲ್ಲಿ. ಕೈಗೆ ಡ್ರಿಪ್ ಹಾಕಿಸಿಕೊಂಡು ಒರಗು ಕುರ್ಚಿಯಲ್ಲಿ ನಾಲ್ಕು ಗಂಟೆ ಇರಬೇಕಾದವರು ಇದನ್ನು ನೋಡುತ್ತಾರೆ. ಕೆಲವರಿಗೆ ಹೊಟ್ಟೆ ತೊಳಸುತ್ತಿರುತ್ತದೆ, ಕೆಲವರಿಗೆ ಓದಲೂ ಆಗುವುದಿಲ್ಲ, ಮಾತೂ ಬೇಡ. ಅವರ ಕಣ್ಣಿಗೆ ಕೂರಲು ಒಂದು ಜಾಗ ಬೇಕು, ಅಷ್ಟೆ. ನಾಲ್ಕು ಗಂಟೆಯಲ್ಲಿ ಈ 20 ಸೆಕೆಂಡು 720 ಸಲ ಬಂದುಹೋಗುತ್ತದೆ. ಮುಂದೆ ಹೇಳುವ ಪ್ರತಿಯೊಂದನ್ನೂ ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡೇ ಮಾಡು.

ಜಾಗ ಹೀಗಿರಲಿ. 253 ಮೀಟರ್ ಆಳಕ್ಕೆ ಧುಮುಕುವ ಜೋಗದಂಥದ್ದು ಬೇಡ. ಅದರ ಮುಂದೆ ನಿಂತರೆ ಎದೆ ಝಲ್ಲೆನ್ನುತ್ತದೆ, ಇಲ್ಲಿ ಕೂತವರಿಗೆ ಅದು ಬೇಕಿಲ್ಲ. ಕಿಗ್ಗದ ಹತ್ತಿರದ ಸಿರಿಮನೆ, ಯಲ್ಲಾಪುರದ ಕಡೆಯ ಸಾತೊಡ್ಡಿ, ಇವುಗಳಂತೆ ಕಣ್ಣಳತೆಗೆ ಸಿಗುವ ಜಲಪಾತ ಸಾಕು. ಮೇಲ್ಭಾಗದಲ್ಲಿ ನೀರು ಕರಿಬಂಡೆಯ ಮೇಲೆ ತೆಳ್ಳಗೆ ಹರಡಿಕೊಂಡು ಜಾರಿ ಬರಲಿ. ಆಮೇಲೆ ಸುಮಾರು ಆರು ಮೀಟರ್ ಎತ್ತರದಿಂದ ಐದಾರು ಎಳೆಗಳಾಗಿ ಒಡೆದು ಗುಂಡಿಗೆ ಬೀಳಲಿ. ಕಾಲ ಕಾರ್ತಿಕದ ಆಸುಪಾಸು: ಮಳೆ ನಿಂತಿದೆ, ಹಳ್ಳದಲ್ಲಿ ನೀರು ಇನ್ನೂ ತುಂಬಿದೆ, ಆದರೆ ಆಷಾಢದ ಕೆಂಪು ರಾಡಿ ಇಳಿದು ತಿಳಿಯಾಗಿದೆ. ಗುಂಡಿಯ ನೀರಿಗೆ ಕಾಡಿನ ನೆರಳಿನ ಕಡುಹಸಿರು ಬಣ್ಣವಿರಲಿ. ಈಜುಕೊಳದ ತಿಳಿನೀಲಿ ಬಂದರೆ ಮಲೆನಾಡಿನವರು ಒಂದೇ ನೋಟಕ್ಕೆ ಸುಳ್ಳು ಎಂದುಬಿಡುತ್ತಾರೆ. ಇಲ್ಲಿಗೆ ಬರುವವರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರೇ ಬಹಳ. ಅವರು ಹಳ್ಳದ ದಂಡೆಯಲ್ಲೇ ಬೆಳೆದವರು.

ಗಿಡಮರಗಳೂ ಅಲ್ಲಿಯವೇ ಆಗಲಿ. ಹಿಂದೆ ನಿತ್ಯಹರಿದ್ವರ್ಣದ ಎತ್ತರದ ಮರಗಳು, ಕಾಂಡಕ್ಕೆ ಹಬ್ಬಿದ ಬಳ್ಳಿ, ಒಂದು ಪಕ್ಕದಲ್ಲಿ ಬೆತ್ತದ ಹಿಂಡಿಲು. ಬಂಡೆಯ ಮೇಲೆ ದಪ್ಪ ಪಾಚಿ, ಬಿರುಕುಗಳಲ್ಲಿ ಜರಿಗಿಡ. ಎಡಗಡೆ ಕೆಳಮೂಲೆಯಲ್ಲಿ, ನೋಡುವವರಿಗೆ ಹತ್ತಿರವಾಗಿ, ಎರಡು ಮೂರು ಕೆಸುವಿನ ಎಲೆ. ಸೀರ್ಪನಿ ತಗುಲಿ ಎಲೆ ಆಗಾಗ ಸಣ್ಣಗೆ ತಲೆಯಾಡಿಸಲಿ, ಮೇಲೆ ಕೂತ ನೀರು ಪಾದರಸದ ಹಾಗೆ ದುಂಡಗಾಗಿ ನಡುವಿಗೆ ಜಾರಲಿ. ತೆಂಗಿನ ಮರ, ಪೈನ್ ಮರ, ಗುಲಾಬಿ ಬಣ್ಣದ ಹೂಮರ ಯಾವುದೂ ಬೇಡ.

ಕ್ಯಾಮೆರಾ ಕದಲಕೂಡದು. ಮುಂದೆ ಸರಿಯುವುದು, ತೇಲುವುದು, ಕೈಯಲ್ಲಿ ಹಿಡಿದಂತೆ ನಡುಗುವುದು, ಡ್ರೋನಿನಂತೆ ಏರುವುದು, ಫೋಕಸ್ ಬದಲಾಗುವುದು, ಇವೆಲ್ಲ ವಾಕರಿಕೆ ಇರುವವರಿಗೆ ಹಿಂಸೆ. ಟ್ರೈಪಾಡಿನ ಮೇಲೆ ಗಟ್ಟಿಯಾಗಿ ಕೂರಿಸಿದ ಹಾಗಿರಲಿ, ಕೂತವರ ಕಣ್ಣಿನ ಎತ್ತರದಿಂದ ನೋಡಿದ ಹಾಗಿರಲಿ. ಜಲಪಾತ ಚೌಕಟ್ಟಿನ ನಡುವಿಗಿಂತ ತುಸು ಬಲಕ್ಕೆ ಬರಲಿ, ಎಡಗಡೆ ಕಾಡಿನ ನೆರಳು ಹರಡಿರಲಿ. ಬಂಡೆಯಿಂದ ಹಿಡಿದು ಕೆಸುವಿನವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣಲಿ.

ನೀರಿನ ವೇಗ ನಿಜವಾದದ್ದೇ ಇರಲಿ. ಆರು ಮೀಟರ್ ಮೇಲಿಂದ ಬಿದ್ದ ನೀರು ಸುಮಾರು ಒಂದು ಸೆಕೆಂಡಿನಲ್ಲಿ ಗುಂಡಿ ಮುಟ್ಟುತ್ತದೆ, ಇಲ್ಲೂ ಅಷ್ಟೇ ಹೊತ್ತು ಹಿಡಿಯಬೇಕು. ಸ್ಲೋಮೋಷನ್ ಮಾಡಿ ನೀರನ್ನು ಹಿಂಜಿದ ಅರಳೆಯಂತೆ ಕಾಣಿಸುವುದು ಬೇಡ. ಮೊದಲ ಹತ್ತು ನಿಮಿಷ ಅದು ಚೆಂದ. ಆಮೇಲೆ ನೀರು ಯಾವಾಗ ಕೆಳಗೆ ಮುಟ್ಟೀತು ಎಂದು ಮನಸ್ಸು ಕಾಯತೊಡಗುತ್ತದೆ, ಕಾಯುವುದೇ ಒಂದು ಆಯಾಸ.

ಇನ್ನು ಲೂಪ್. ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಬೀಳುವ ನೀರಿನಿಂದ ಗುಟ್ಟು ರಟ್ಟಾಗುವುದಿಲ್ಲ, ಒಂದು ಸೆಕೆಂಡು ಮಾತ್ರ ಬದುಕುವ ಎಳೆಯನ್ನು ಯಾರೂ ನೆನಪಿಟ್ಟುಕೊಳ್ಳಲಾರರು. ಗುಟ್ಟು ಬಿಟ್ಟುಕೊಡುವುದು ನಿಧಾನವಾಗಿ ಚಲಿಸುವ ವಸ್ತುಗಳು. ಗುಂಡಿಯಲ್ಲಿ ತೇಲುವ ಒಂದು ಹಣ್ಣೆಲೆ, ಸುಳಿಯಲ್ಲಿ ತಿರುಗುವ ನೊರೆಯ ಮುದ್ದೆ, ಹಾದುಹೋಗುವ ಮೋಡ, ಅಡ್ಡ ಹಾರುವ ಹಕ್ಕಿ. ಇವನ್ನು ಒಮ್ಮೆ ಕಂಡವರು ಮುಂದಿನ ಸಲಕ್ಕಾಗಿ ಎಣಿಸುತ್ತಾರೆ. ಡ್ರಿಪ್ಪಿನ ಹನಿ ಎಣಿಸಿ ಸಾಕಾದವರಿಗೆ ಇನ್ನೊಂದು ಎಣಿಕೆ ಕೊಡುವುದು ಬೇಡ. ಆದ್ದರಿಂದ ಆಕಾಶವೇ ಕಾಣದಿರಲಿ, ಹಕ್ಕಿ, ಚಿಟ್ಟೆ, ಮಂಗ, ಮನುಷ್ಯರು ಯಾರೂ ಬರದಿರಲಿ, ನೀರಿನ ಮೇಲೆ ತೇಲುವಂಥದ್ದು ಏನೂ ಇರದಿರಲಿ. ನೊರೆ ಬಿದ್ದಲ್ಲೇ ಹುಟ್ಟಿ ಅಲ್ಲೇ ಒಡೆಯಲಿ. ಅಲೆಗಳು ಗುಂಡಿಯ ಅಂಚಿನ ಕಡೆಗೆ ಒಂದೇ ಸಮನೆ ಹರಡುತ್ತಿರಲಿ. ತುಂತುರಿನ ಮಂಜು ಬುಡದಿಂದ ಎದ್ದು ಒಂದು ಮೀಟರಿನೊಳಗೇ ಕರಗಲಿ.

ಎಲೆಗಳ ಅಲುಗಾಟವನ್ನು 20ಕ್ಕೆ ಸರಿಯಾಗಿ ಭಾಗವಾಗುವಂತೆ ಹೊಂದಿಸು: ಒಂದು ಜರಿಗಿಡ 4 ಸೆಕೆಂಡಿಗೊಮ್ಮೆ, ಇನ್ನೊಂದು 5 ಸೆಕೆಂಡಿಗೊಮ್ಮೆ, ಕೆಸು 10 ಸೆಕೆಂಡಿಗೊಮ್ಮೆ. ಆಗ ಎಲ್ಲವೂ ಬೇರೆಬೇರೆ ಲಯದಲ್ಲಿ ತೂಗುತ್ತಲೇ 20ನೇ ಸೆಕೆಂಡಿಗೆ ಒಟ್ಟಿಗೆ ಮೊದಲಿನ ಜಾಗಕ್ಕೆ ಬರುತ್ತವೆ. ಸೆಕೆಂಡಿಗೆ 30ರಂತೆ ಒಟ್ಟು 600 ಫ್ರೇಮು. 600ನೆಯದು 1ನೆಯದರ ನಕಲಾಗಬಾರದು, ಅದಕ್ಕಿಂತ ಒಂದು ಹೆಜ್ಜೆ ಹಿಂದಿನದಾಗಿರಬೇಕು. ಒಂದೇ ಚಿತ್ರ ಎರಡು ಸಲ ಬಂದರೆ ಅಲ್ಲೊಂದು ಸಣ್ಣ ತಡವರಿಕೆ ಕಾಣುತ್ತದೆ. ಕಪ್ಪಾಗಿ ಮುಗಿದು ಮತ್ತೆ ಬೆಳಗುವುದು, ಒಂದರ ಮೇಲೊಂದು ಚಿತ್ರ ಕರಗುವುದು, ಅರ್ಧದಿಂದ ಹಿಂದಕ್ಕೆ ಓಡಿಸುವುದು, ಯಾವ ಅಡ್ಡದಾರಿಯೂ ಬೇಡ. ಹಿಂದಕ್ಕೆ ಓಡಿಸಿದರೆ ನೀರು ಮೇಲಕ್ಕೇರುತ್ತದೆ.

ಬೆಳಕು ಬೆಳಗಿನ ಒಂಬತ್ತು ಗಂಟೆಯದು, ಎಲೆಗಳ ಚಪ್ಪರದಿಂದ ಸೋಸಿ ಬಂದು ಎಲ್ಲ ಕಡೆ ಮೆತ್ತಗೆ ಹರಡಿದ್ದು. ಅದು 20 ಸೆಕೆಂಡೂ ಬದಲಾಗಬಾರದು. ಚಲಿಸುವ ಬಿಸಿಲಕೋಲು, ಕಾಮನಬಿಲ್ಲು, ಲೆನ್ಸಿನ ಹೊಳಪು ಬೇಡ. ವಾರ್ಡಿನ ದೀಪಗಳನ್ನು ಮಧ್ಯಾಹ್ನ ಮಬ್ಬು ಮಾಡುತ್ತಾರೆ, ಆಗ ನೀರಿನ ಬಿಳುಪು ಕಣ್ಣಿಗೆ ಚುಚ್ಚಬಾರದು, ಬಿಳಿ ತುಸು ಬೂದಿಗೆ ತಿರುಗಿದ್ದರೂ ಚಿಂತೆಯಿಲ್ಲ. ಪರದೆಯ ಯಾವ ಭಾಗವೂ ಪಕ್ಕನೆ ಮಿನುಗಬಾರದು. ಹಸಿರಿನಲ್ಲಿ ಪಾಚಿ, ಹಳೆ ಎಲೆ, ಚಿಗುರು ಎಂದು ಬಗೆಬಗೆ ಇರಲಿ, ಎಲ್ಲಕ್ಕೂ ಒಂದೇ ಗಾಢ ಬಣ್ಣ ಬಳಿಯಬೇಡ.

ಸದ್ದು ನೀರಿನದು ಮಾತ್ರ, ದೂರದಿಂದ ಕೇಳಿದಂತೆ ತಗ್ಗಿದ ಒಂದೇ ಮೊರೆತ. ತೊಟ್ಟಿಕ್ಕುವ ಸದ್ದು, ಕೊಳಲು, ಹಕ್ಕಿಯ ಕೂಗು ಸೇರಿಸಬೇಡ. ಇನ್‌ಫ್ಯೂಷನ್ ಪಂಪಿನ ಅಲಾರಂ ಸಿಸ್ಟರ್‌ಗಳ ಕಿವಿಗೆ ಬೀಳಬೇಕು, ಆದ್ದರಿಂದ ಬೀಪ್ ಎನ್ನುವ ಚೂಪು ಸ್ವರಕ್ಕೆ ಹತ್ತಿರವಾದದ್ದು ಏನೂ ಇರಕೂಡದು. ಸದ್ದಿಗೂ ಲೂಪಿನ ಹೊಲಿಗೆ ಕೇಳಿಸಬಾರದು.

ಅಳತೆ 3840×2160, ಅಡ್ಡ ಪರದೆ. ಮೇಲೆ ಅಕ್ಷರ, ಲೋಗೊ, ಗಡಿಯಾರ ಯಾವುದೂ ಬೇಡ.

ಎಲ್ಲವನ್ನೂ ಒಟ್ಟಿಗೆ ತರಲು ಆಗದಿದ್ದರೆ ಬೆತ್ತದ ಹಿಂಡಿಲು ಬಿಡಬಹುದು, ಬಳ್ಳಿ ಬಿಡಬಹುದು, ಕೆಸುವಿನ ಮೇಲಿನ ನೀರಿನ ಹನಿಯನ್ನೂ ಬಿಡಬಹುದು. ಕದಲದ ಕ್ಯಾಮೆರಾ, ಬದಲಾಗದ ಬೆಳಕು, ಹೊಲಿಗೆ ಕಾಣದ ಲೂಪ್, ಈ ಮೂರರಲ್ಲಿ ರಾಜಿ ಬೇಡ.